‘ಆಗಲ್ಲ’ ಅನ್ನೋಕೆ ಬಾಯಿ ಬರಲ್ಲ

ದಾಕ್ಷಿಣ್ಯಕ್ಕೆ ಜಾಮೀನು ಹಾಕಿ ಬೇರೆಯವರ ಸಾಲ ಕಟ್ಟಿದವರು ಊರೂರಲ್ಲೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಸಹಿ ಹಾಕುವಾಗಲೇ ಅಪಾಯ ಗೊತ್ತಿತ್ತು. ಆದರೆ ‘ಆಗಲ್ಲ’ ಅನ್ನುವುದು ಅದಕ್ಕಿಂತ ದೊಡ್ಡ ಅಪಾಯ ಅನ್ನಿಸಿತ್ತು. ಈ ಭಯ ಬದುಕಿಕೊಂಡಿರುವುದು ಹೇಗೆ? ಅದನ್ನು ಪರೀಕ್ಷೆಗೆ ಒಡ್ಡುವುದು ಹೇಗೆ?

ತಾಲ್ಲೂಕು ಕೇಂದ್ರದ ಒಂದು ಪ್ರೌಢಶಾಲೆ. ಮಧ್ಯಾಹ್ನದ ಬಿಡುವು. ಶಿಕ್ಷಕಿಯೊಬ್ಬರು ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದಾರೆ. ಸಹೋದ್ಯೋಗಿ ಮೇಷ್ಟ್ರು ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮಗನ ಓದು, ಮನೆಯ ಖರ್ಚು ಅಂತ ಐದು ನಿಮಿಷ ಮಾತಾಡಿ, ಮಡಚಿದ್ದ ಅರ್ಜಿಯೊಂದನ್ನು ಬಿಡಿಸಿ ಮುಂದಿಡುತ್ತಾರೆ. ನೌಕರರ ಪತ್ತಿನ ಸಹಕಾರ ಸಂಘದ ಸಾಲದ ಅರ್ಜಿ. ಇಬ್ಬರು ಜಾಮೀನುದಾರರಲ್ಲಿ ಒಬ್ಬರ ಸಹಿ ಆಗಲೇ ಬಿದ್ದಿದೆ. ಎರಡನೆಯವರು ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತನ್ನೂ ಹಾಕಿಟ್ಟಿದ್ದಾರೆ.

“ಮೇಡಂ, ಒಂದು ಸಹಿ ಬೇಕಿತ್ತು. ನಿಮಗೇನೂ ತೊಂದರೆ ಇಲ್ಲ, ಬರೀ ಫಾರ್ಮಾಲಿಟಿ.”

ಶಿಕ್ಷಕಿಗೆ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಗುತ್ತದೆ. ಅವರು ಈಗಾಗಲೇ ಇಬ್ಬರಿಗೆ ಜಾಮೀನು ಹಾಕಿದ್ದಾರೆ. ಈ ಮೇಷ್ಟ್ರು ಹೋದ ವರ್ಷ ಚೀಟಿ ಹಣ ಕಟ್ಟಲಾಗದೆ ಪರದಾಡಿದ್ದೂ ಗೊತ್ತು. ಬೇಡ ಅಂತ ಮನಸ್ಸು ಹೇಳುತ್ತಿದೆ. ಆದರೆ ಆ ಕ್ಷಣದಲ್ಲಿ ಅವರ ಕಣ್ಣ ಮುಂದೆ ಬರುವುದು ಸಾಲದ ಮೊತ್ತವಲ್ಲ. ಎದುರಿಗಿರುವ ಮುಖ ಸಪ್ಪಗಾಗುವುದು, ನಾಳೆ ಅವರು ಮಾತಾಡಿಸದೆ ಹೋಗುವುದು, ‘ಒಂದು ಸಹಿ ಹಾಕೋಕೆ ಆಗಲಿಲ್ವಂತೆ’ ಅಂತ ಉಳಿದವರು ಪಿಸುಗುಡುವುದು. “ಅಯ್ಯೋ, ಅದಕ್ಕೇನು ಸರ್, ಕೊಡಿ” ಅನ್ನುತ್ತಾರೆ. ಸಹಿ ಬೀಳುತ್ತದೆ. ಹೊಟ್ಟೆಯೊಳಗಿನ ಸಂಕಟ ಆ ಗಳಿಗೆಯಲ್ಲೇ ಇಳಿಯುತ್ತದೆ. ಮತ್ತೊಂದು ಸಂಕಟ ರಾತ್ರಿ ಮಲಗಿದ ಮೇಲೆ ಶುರುವಾಗುತ್ತದೆ.

ಈ ಶಿಕ್ಷಕಿ ಒಬ್ಬ ವ್ಯಕ್ತಿಯಲ್ಲ. ಇಂಥ ಅನೇಕರ ಅನುಭವಗಳನ್ನು ಸೇರಿಸಿ ಹೆಣೆದ ಚಿತ್ರ. ಬ್ಯಾಂಕಿನ ಗುಮಾಸ್ತರು, ಪೊಲೀಸ್ ಪೇದೆಗಳು, ಅಂಗನವಾಡಿ ಮೇಲ್ವಿಚಾರಕಿಯರು, ಯಾರನ್ನು ಬೇಕಾದರೂ ಅವರ ಜಾಗದಲ್ಲಿ ಕೂರಿಸಬಹುದು. ಎಲ್ಲರನ್ನೂ ಮೆಚ್ಚಿಸಬೇಕೆಂಬ ಒತ್ತಡ, ಯಾರಾದರೂ ಬೇಸರ ಮಾಡಿಕೊಂಡರೆ ಎಂಬ ಭಯ ಹಲವು ರೂಪದಲ್ಲಿ ಬರುತ್ತವೆ. ಜಾಮೀನನ್ನೇ ಇಲ್ಲಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಉಳಿದ ಕಡೆ ಈ ಭಯದ ಬೆಲೆ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಅದು ರೂಪಾಯಿಯಲ್ಲಿ ಲೆಕ್ಕಕ್ಕೆ ಸಿಗುತ್ತದೆ.

ಸಹಿಯ ಬೆಲೆ

ಭಾರತೀಯ ಕರಾರು ಕಾಯ್ದೆ 1872ರದು. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು ಅದರ 128ನೇ ಕಲಂ ಹೇಳುತ್ತದೆ. ‘ಮೊದಲು ಅವನನ್ನು ಹಿಡಿಯುತ್ತಾರೆ, ಅವನ ಹತ್ತಿರ ಏನೂ ಸಿಗದಿದ್ದರೆ ತಾನೇ ನನ್ನ ಹತ್ತಿರ ಬರೋದು’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು. ಸಾಲಗಾರನ ಮೇಲಿನ ಎಲ್ಲ ಕ್ರಮ ಮುಗಿಯುವ ತನಕ ಸಾಲ ಕೊಟ್ಟವರು ಕಾಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಂಬಳದಾರ ಜಾಮೀನುದಾರನಿಂದ ವಸೂಲಿ ಮಾಡುವುದು ಎಲ್ಲಕ್ಕಿಂತ ಸುಲಭ. ಸಂಬಳ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರುತ್ತದೆ, ತಿಂಗಳು ತಪ್ಪದೆ ಬರುತ್ತದೆ.

ಮೇಷ್ಟ್ರ ಸಾಲ ಐದು ಲಕ್ಷ, ವರ್ಷಕ್ಕೆ ಶೇ 12 ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 11,100 ರೂಪಾಯಿ. ಒಂದು ವರ್ಷ ಸರಿಯಾಗಿ ಕಟ್ಟಿ ಅವರು ಕೈಚೆಲ್ಲಿದರೆ, ಆಗ ಉಳಿಯುವ ಅಸಲೇ ಸುಮಾರು 4.22 ಲಕ್ಷ. ಇಬ್ಬರು ಜಾಮೀನುದಾರರು ಸಮನಾಗಿ ಹಂಚಿಕೊಂಡರೂ ಶಿಕ್ಷಕಿ ನಾಲ್ಕು ವರ್ಷ ಪ್ರತಿ ತಿಂಗಳು ಐದೂವರೆ ಸಾವಿರ ಕಟ್ಟಬೇಕು. ಸಮನಾಗಿ ಹಂಚಲೇಬೇಕೆಂದು ಸಂಘವನ್ನು ಒತ್ತಾಯಿಸುವಂತೆಯೂ ಇಲ್ಲ. ಜಾಮೀನುದಾರರ ಹೊಣೆ ಸಾಮಾನ್ಯವಾಗಿ ಜಂಟಿಯೂ ಹೌದು, ಪ್ರತ್ಯೇಕವೂ ಹೌದು. ಪೂರ್ತಿ ಬಾಕಿಯನ್ನು ಒಬ್ಬರಿಂದಲೇ ಕೇಳಬಹುದು. ಕಟ್ಟಿದ ಹಣವನ್ನು ಸಾಲಗಾರನಿಂದ ವಾಪಸು ಕೇಳುವ ಹಕ್ಕು ಕಾನೂನಿನಲ್ಲಿದೆ, ನಿಜ. ಆದರೆ ಸಂಘಕ್ಕೆ ಕಟ್ಟಲಾಗದವರು ನಿಮಗೆ ಎಲ್ಲಿಂದ ಕೊಟ್ಟಾರು?

ಶಿಕ್ಷಕಿ ಲೆಕ್ಕ ಬಾರದವರಲ್ಲ. ಗಣಿತ ಪಾಠ ಮಾಡುವವರೇ ಇರಬಹುದು. ಬುದ್ಧಿಗೆ ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ. ‘ನೀವು ತುಂಬಾ ಒಳ್ಳೆಯವರು ಮೇಡಂ, ಅದೇ ನಿಮ್ಮ ತೊಂದರೆ’ ಎಂದು ಜನ ಸಮಾಧಾನ ಹೇಳುತ್ತಾರೆ. ಅಲ್ಲಿಯೇ ರೋಗವನ್ನು ತಪ್ಪಾಗಿ ಗುರುತಿಸುತ್ತೇವೆ. ಒಳ್ಳೆಯತನದಿಂದ ಕೊಟ್ಟ ಸಹಿಯಾಗಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು. ಇದು ಭಯದಿಂದ ಕೊಟ್ಟದ್ದು. ಒಳ್ಳೆಯತನವನ್ನು ಕಡಿಮೆ ಮಾಡಿಕೊಂಡರೆ ಭಯ ಹೋಗುವುದಿಲ್ಲ.

ಭಯ ಕಲಿತದ್ದು ಎಲ್ಲಿ?

ಅರಿವಿನ ಚಿಕಿತ್ಸೆಗೆ ಅಡಿಪಾಯ ಹಾಕಿದ ಅಮೆರಿಕದ ಮನೋವೈದ್ಯ ಆರನ್ ಬೆಕ್, 1983ರಲ್ಲಿ ಒಂದು ಬಗೆಯ ಸ್ವಭಾವವನ್ನು ಗುರುತಿಸಿದರು. ಕೆಲವರಿಗೆ ತಮ್ಮ ಬೆಲೆ ತಮಗೆ ತಿಳಿಯುವುದೇ ಬೇರೆಯವರ ಮೆಚ್ಚುಗೆಯಿಂದ. ಸಂಬಂಧ ಹಸನಾಗಿರುವ ತನಕ ಅವರು ಲವಲವಿಕೆಯಿಂದ ಇರುತ್ತಾರೆ. ಯಾರೋ ಒಬ್ಬರು ಮುಖ ತಿರುಗಿಸಿದರೆ ಕುಸಿಯುತ್ತಾರೆ. ಇದು ಕಾಯಿಲೆಯಲ್ಲ. ಆದರೆ ಖಿನ್ನತೆ ಒಳಗೆ ಬರಲು ಇದೊಂದು ದಾರಿ ಎಂಬುದು ಬೆಕ್ ಅವರ ವಿಚಾರ.

ಇದರ ಬೇರು ಬಹಳ ಸಲ ಬಾಲ್ಯದಲ್ಲಿರುತ್ತದೆ. ಅಪ್ಪ ಸಂಜೆ ಮನೆಗೆ ಬರುವಾಗ ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅವತ್ತಿನ ಸಿಟ್ಟನ್ನು ಅಳೆಯುತ್ತಿದ್ದ ಮಕ್ಕಳಿದ್ದಾರೆ. ಟಿವಿ ಆರಿಸಿ, ಪುಸ್ತಕ ಹಿಡಿದು, ನೀರು ತಂದು ಕೊಟ್ಟು ಅವರು ಅವತ್ತಿನ ಗಂಡಾಂತರ ದಾಟುತ್ತಿದ್ದರು. ಅಮ್ಮ ಎರಡು ದಿನ ಮಾತು ಬಿಟ್ಟು ಶಿಕ್ಷೆ ಕೊಡುತ್ತಿದ್ದ ಮನೆಯಲ್ಲಿ, ಬೇರೆಯವರ ಬೇಸರ ಎಂದರೆ ತನಗೆ ದಿಕ್ಕಿಲ್ಲದಂತಾಗುವುದು ಎಂಬ ಪಾಠ ಮಗುವಿನ ಮೈಗೆ ಇಳಿಯುತ್ತದೆ. ಅಪಾಯ ಎದುರಾದಾಗ ಹೋರಾಡುವುದು, ಓಡುವುದು, ಮರಗಟ್ಟುವುದು ಎಂಬ ಮೂರು ಪ್ರತಿಕ್ರಿಯೆಗಳ ಜೊತೆಗೆ ಓಲೈಸುವುದು ಎಂಬ ನಾಲ್ಕನೆಯದನ್ನೂ ಸೇರಿಸಬೇಕೆಂದು ಅಮೆರಿಕದ ಚಿಕಿತ್ಸಕ ಪೀಟ್ ವಾಕರ್ ವಾದಿಸಿದ್ದು ಇಂಥ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ಇದು ಚಿಕಿತ್ಸಾ ಕೊಠಡಿಯಲ್ಲಿ ಕಂಡುಕೊಂಡ ಮಾತು, ಅಧಿಕೃತ ರೋಗನಿರ್ಣಯವಲ್ಲ. ಆದರೂ ಅನೇಕರು ಇದರಲ್ಲಿ ತಮ್ಮ ಮುಖ ಕಂಡಿದ್ದಾರೆ.

ಮಗುವಿನ ಆ ಜಾಣತನವನ್ನು ಹಳಿಯಬಾರದು. ಆ ಮನೆಯಲ್ಲಿ, ಆ ವಯಸ್ಸಿನಲ್ಲಿ ಅದೇ ಸರಿಯಾದ ಉಪಾಯ. ತೊಂದರೆ ಬರುವುದು ನಲವತ್ತನೇ ವಯಸ್ಸಿನಲ್ಲಿ. ಆಗ ಎದುರಿಗೆ ಕೂತವರು ಅಪ್ಪನಲ್ಲ, ಸಾಲದ ಅರ್ಜಿ ಹಿಡಿದ ಸಹೋದ್ಯೋಗಿ. ಅವರ ಬೇಸರದಿಂದ ಊಟ ತಪ್ಪುವುದಿಲ್ಲ, ಮನೆ ಹೋಗುವುದಿಲ್ಲ. ಮೈಗೆ ಮಾತ್ರ ಆ ವ್ಯತ್ಯಾಸ ಗೊತ್ತಿಲ್ಲ. ಮೂವತ್ತು ವರ್ಷ ಕಳೆದರೂ ಅದಕ್ಕೆ ಯಾಕೆ ಗೊತ್ತಾಗಲಿಲ್ಲ?

‘ಹ್ಞೂಂ’ ಎಂಬ ತಾಯಿತ

ಈ ಪ್ರಶ್ನೆಗೆ ನನಗೆ ಸಿಕ್ಕಿರುವ ಅತ್ಯಂತ ಸ್ಪಷ್ಟ ಉತ್ತರ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಸಾಲ್ಕೋವ್‌ಸ್ಕಿಸ್ ಅವರದು. ಆತಂಕದಿಂದ ಬಳಲುವವರನ್ನು ನೋಡುವಾಗ ಒಂದು ಪ್ರಶ್ನೆ ಅವರನ್ನು ಕಾಡುತ್ತಿತ್ತು. ‘ಈಗ ಸತ್ತೇಹೋಗುತ್ತೇನೆ’ ಎಂದು ನೂರು ಸಲ ಅನ್ನಿಸಿ, ನೂರು ಸಲವೂ ಬದುಕಿ ಉಳಿದವನಿಗೆ ನೂರಾ ಒಂದನೇ ಸಲವೂ ಅದೇ ಭಯ ಯಾಕೆ? 1991ರಲ್ಲಿ ಅವರು ಹೇಳಿದ್ದಿಷ್ಟು: ಪ್ರತಿ ಸಲವೂ ಆತ ತಪ್ಪಿಸಿಕೊಳ್ಳಲು ಏನೋ ಒಂದು ಮಾಡುತ್ತಾನೆ. ಗೋಡೆ ಹಿಡಿಯುತ್ತಾನೆ, ಕೂರುತ್ತಾನೆ, ಅಲ್ಲಿಂದ ಹೊರಡುತ್ತಾನೆ. ಅನಾಹುತ ಆಗದಿದ್ದಾಗ ‘ನಾನು ಅಂದುಕೊಂಡದ್ದೇ ತಪ್ಪು’ ಎಂಬ ಪಾಠ ಅವನಿಗೆ ಸಿಗುವುದಿಲ್ಲ. ‘ಸದ್ಯ, ಗೋಡೆ ಹಿಡಿದದ್ದಕ್ಕೆ ಬದುಕಿದೆ’ ಎಂಬ ಪಾಠ ಸಿಗುತ್ತದೆ.

ಮಗುವಿನ ಕೈಗೆ ತಾಯಿತ ಕಟ್ಟಿದ ಮೇಲೆ ದೃಷ್ಟಿ ತಾಗದಿದ್ದರೆ ಆ ಕೀರ್ತಿ ತಾಯಿತಕ್ಕೆ. ಬಿಚ್ಚಿ ನೋಡುವ ಧೈರ್ಯ ಯಾರಿಗಿದೆ? ಹಾಗಾಗಿ ತಾಯಿತದ ಶಕ್ತಿ ಪ್ರಶ್ನೆಯಿಲ್ಲದೆ ಉಳಿಯುತ್ತದೆ. ಶಿಕ್ಷಕಿಯ ‘ಹ್ಞೂಂ’ ಕೂಡ ಹಾಗೆಯೇ. ಇಷ್ಟು ವರ್ಷ ಯಾರೂ ಅವರೊಂದಿಗೆ ನಿಷ್ಠುರ ಮಾಡಿಕೊಂಡಿಲ್ಲ. ‘ಎಲ್ಲದಕ್ಕೂ ಹ್ಞೂಂ ಅಂದದ್ದಕ್ಕೆ ಜನ ನನ್ನನ್ನು ಇಟ್ಟುಕೊಂಡಿದ್ದಾರೆ’ ಎಂಬ ತೀರ್ಮಾನಕ್ಕೆ ಅವರು ಬಂದಿದ್ದಾರೆ. ಹ್ಞೂಂ ಅನ್ನದಿದ್ದರೂ ಜನ ಇರುತ್ತಿದ್ದರೇ? ಆ ಪರೀಕ್ಷೆ ನಡೆದೇ ಇಲ್ಲ. ಜೊತೆಗೆ, ಒಪ್ಪಿಕೊಂಡ ಕ್ಷಣ ಸಂಕಟ ಇಳಿಯುತ್ತದಲ್ಲ, ಆ ನಿರಾಳವೇ ಒಂದು ಬಹುಮಾನವಾಗಿ ಮುಂದಿನ ಹ್ಞೂಂಗೆ ದಾರಿ ಮಾಡುತ್ತದೆ.

ಅದಕ್ಕೇ ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ಆಮೇಲೆ ಇಲ್ಲ ಅನ್ನಬಹುದು’ ಎಂಬ ಉಪದೇಶ ನಡೆಯುವುದಿಲ್ಲ. ಅನುಕ್ರಮ ತಲೆಕೆಳಗಾಗಿದೆ. ಭಯ ಹೋದ ಮೇಲೆ ಇಲ್ಲ ಅನ್ನುವುದಲ್ಲ, ಭಯದ ಜೊತೆಗೇ ಒಂದು ಸಲ ಇಲ್ಲ ಎಂದು, ಏನಾಗುತ್ತದೆಂದು ನೋಡಬೇಕು.

ಎರಡೂ ಕಡೆಯ ತಪ್ಪು ಲೆಕ್ಕ

ನೋಡಿದರೆ ಏನು ಕಂಡೀತು? ಈ ಬಗ್ಗೆ ಒಂದಷ್ಟು ಪ್ರಯೋಗಗಳಾಗಿವೆ. ಅಮೆರಿಕದ ಸಂಶೋಧಕರಾದ ಜೂಲಿಯನ್ ಗಿವಿ ಮತ್ತು ಕಾಲೀನ್ ಕರ್ಕ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಆಹ್ವಾನಗಳನ್ನು ಕುರಿತದ್ದು. ಕರೆದಲ್ಲಿಗೆ ಬರಲಾಗುವುದಿಲ್ಲ ಎಂದವರು, ಕರೆದವರಿಗೆ ಎಷ್ಟು ಸಿಟ್ಟು ಬಂದಿರಬಹುದು, ಇನ್ನು ಮುಂದೆ ಕರೆದಾರೋ ಇಲ್ಲವೋ ಎಂದು ಊಹಿಸಿದರು. ಕರೆದವರನ್ನು ವಿಚಾರಿಸಿದಾಗ ಅವರ ಬೇಸರ ಈ ಊಹೆಗಿಂತ ಕಡಿಮೆಯಿತ್ತು. ಇಲ್ಲ ಎಂದವರು ಯೋಚಿಸಿದ್ದು ತಮ್ಮ ಬಾಯಿಂದ ಬಂದ ಆ ಒಂದು ಮಾತನ್ನಷ್ಟೇ. ಕರೆದವರು ಮಾತ್ರ, ‘ಪಾಪ, ಯೋಚನೆ ಮಾಡಿಯೇ ಹೇಳಿರುತ್ತಾರೆ’ ಎಂದು ಅದರ ಹಿಂದಿನ ತೊಳಲಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಕೇಳುವವರ ಕಡೆಯೂ ಒಂದು ತಪ್ಪು ಲೆಕ್ಕವಿದೆ. ವನೆಸ್ಸಾ ಬಾನ್ಸ್ ಎಂಬ ಸಂಶೋಧಕಿ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಅಪರಿಚಿತರ ಬಳಿ ಹೋಗಿ ಗ್ರಂಥಾಲಯದ ಪುಸ್ತಕದ ಹಾಳೆಯ ಮೇಲೆ ಪೆನ್ನಿನಲ್ಲಿ ಒಂದು ಪದ ಗೀಚಿ ಕೊಡಿ ಎಂದು ಕೇಳಬೇಕಿತ್ತು. ನೂರಕ್ಕೆ ಇಪ್ಪತ್ತೆಂಟು ಜನ ಒಪ್ಪಬಹುದು ಎಂಬುದು ಅವರ ಅಂದಾಜು. ಒಪ್ಪಿದ್ದು ಅರವತ್ತನಾಲ್ಕು ಜನ. ಇದು ಸರಿಯಲ್ಲ ಎಂದು ಗೊಣಗುತ್ತಲೇ ಬರೆದುಕೊಟ್ಟವರೂ ಇದ್ದರು. ಮುಖಕ್ಕೆ ಮುಖ ಕೊಟ್ಟು ಕೇಳಿದಾಗ ಇಲ್ಲ ಅನ್ನುವುದು ಎಷ್ಟು ಕಷ್ಟ ಎಂಬುದು ಕೇಳುವವರಿಗೆ ಹೊಳೆಯುವುದೇ ಇಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೇಳುವವರು, ‘ಆಗದಿದ್ದರೆ ಹೇಳುತ್ತಿದ್ದರು’ ಅಂದುಕೊಂಡು ನಿಶ್ಚಿಂತೆಯಿಂದ ಕೇಳುತ್ತಾರೆ. ಕೇಳಿಸಿಕೊಂಡವರು, ‘ಆಗಲ್ಲ ಅಂದರೆ ಮುಗಿಯಿತು’ ಅಂದುಕೊಂಡು ಒಪ್ಪುತ್ತಾರೆ. ಸ್ಟಾಫ್ ರೂಮಿನ ಆ ಮೇಷ್ಟ್ರು ದುರುಳರಾಗಿರಬೇಕಿಲ್ಲ. ಶಿಕ್ಷಕಿಯ ಹೊಟ್ಟೆಯೊಳಗಿನ ಕುಸಿತ ಅವರಿಗೆ ಕಾಣಲಿಲ್ಲ, ಅಷ್ಟೇ.

ಆದರೆ ಈ ಪ್ರಯೋಗಗಳು ನಡೆದದ್ದು ಬೇರೆ ದೇಶದಲ್ಲಿ, ಊಟದ ಆಹ್ವಾನ ಮತ್ತು ಪುಸ್ತಕದ ಹಾಳೆಯ ಮೇಲೆ. ನಮ್ಮ ತಾಲ್ಲೂಕಿನ ನೌಕರರ ಸಂಘದಲ್ಲಿ, ಇಪ್ಪತ್ತು ವರ್ಷ ಒಟ್ಟಿಗೇ ಕೆಲಸ ಮಾಡಬೇಕಾದವರ ನಡುವೆ ಹೀಗೇ ಆಗುತ್ತದೆಂದು ಅದನ್ನೇ ನೆಚ್ಚಿ ಹೇಳಲಾಗದು. ಅದಕ್ಕೇ ಪ್ರತಿಯೊಬ್ಬರೂ ತಮ್ಮ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ.

ಪರೀಕ್ಷೆ ಹೇಗೆ?

ಅರಿವಿನ ಚಿಕಿತ್ಸೆಯಲ್ಲಿ ಇದಕ್ಕೆ ನಡೆವಳಿಕೆಯ ಪ್ರಯೋಗ ಎನ್ನುತ್ತಾರೆ. ಒಂದು ನೋಟ್‌ಬುಕ್ ಸಾಕು. ಇಲ್ಲ ಅನ್ನುವ ಮೊದಲೇ ಮೂರು ಸಂಗತಿ ಬರೆಯಬೇಕು. ಇಲ್ಲ ಅಂದರೆ ನಿಖರವಾಗಿ ಏನಾಗುತ್ತದೆ? ಅದು ಆಗುತ್ತದೆಂದು ನೂರಕ್ಕೆ ಎಷ್ಟು ಖಾತ್ರಿ? ಆಯಿತೋ ಇಲ್ಲವೋ ಎಂದು ಎಷ್ಟು ದಿನದಲ್ಲಿ, ಏನನ್ನು ನೋಡಿ ತಿಳಿಯುತ್ತೇನೆ? ‘ಕೆಟ್ಟದಾಗುತ್ತದೆ’ ಎಂದು ಬರೆದರೆ ಪ್ರಯೋಜನವಿಲ್ಲ, ಅದನ್ನು ಪರೀಕ್ಷಿಸಲಾಗದು. ‘ಅವರು ನನ್ನೊಂದಿಗೆ ಮಾತು ಬಿಡುತ್ತಾರೆ’ ಎಂದರೆ ಪರೀಕ್ಷಿಸಬಹುದು.

ಶುರುವಿಗೆ ಜಾಮೀನು ಬೇಡ. ಸೋತರೂ ನಷ್ಟವಿಲ್ಲದ ಕಡೆ ಮೊದಲು. ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಡಿಸಿ ತೋರಿಸಿದ ಮೇಲೂ ಕೊಳ್ಳದೆ ಬರುವುದು. ಮದುವೆ ಪಂಕ್ತಿಯಲ್ಲಿ ಮೂರನೇ ಹೋಳಿಗೆ ಬೇಡ ಅನ್ನುವುದು. ಇದು ಸುಲಭ ಅನ್ನಿಸಬಹುದು, ಅಲ್ಲ. ನಮ್ಮ ಪಂಕ್ತಿಯಲ್ಲಿ ಮೊದಲ ‘ಬೇಡ’ಕ್ಕೆ ಬೆಲೆಯಿಲ್ಲ, ಅದು ಸಂಕೋಚ ಎಂದೇ ಬಡಿಸುವವರ ಲೆಕ್ಕ. ಎರಡನೆಯದನ್ನು ಉಪಚಾರ ನುಂಗುತ್ತದೆ. ಎಲೆಗೆ ಕೈ ಅಡ್ಡ ಹಿಡಿದು ಮೂರನೇ ಸಲ, ಅದೇ ದನಿಯಲ್ಲಿ ಹೇಳಬೇಕು. ಒಂದೇ ಸಲಕ್ಕೆ ಮಾತು ಕೇಳಿಸದಿದ್ದರೆ ಸೋತೆ ಎಂದುಕೊಳ್ಳಬೇಕಿಲ್ಲ ಎಂಬ ಪಾಠ ಇಲ್ಲಿಯೇ ಆಗುತ್ತದೆ.

ಅಲ್ಲಿಂದ ಮುಂದೆ, ಪರೀಕ್ಷಾ ಕೊಠಡಿಯ ಡ್ಯೂಟಿ ಅದಲುಬದಲು ಮಾಡಿಕೊಳ್ಳಿ ಎಂದವರಿಗೆ ಈ ಸಲ ಆಗಲ್ಲ ಅನ್ನುವುದು. ನಾದಿನಿ ಶುರುಮಾಡಿದ ಚೀಟಿಗೆ ಸೇರದಿರುವುದು. ಜಾಮೀನು ಬರುವುದು ಇವೆಲ್ಲ ಆದ ಮೇಲೆ.

ನಮ್ಮ ಶಿಕ್ಷಕಿ ಹೀಗೆ ಕೆಲವು ತಿಂಗಳು ನಡೆದರು ಎಂದುಕೊಳ್ಳೋಣ. ಮತ್ತೊಬ್ಬ ಸಹೋದ್ಯೋಗಿ ಅರ್ಜಿ ಹಿಡಿದು ಬಂದರು. ತಕ್ಷಣ ಉತ್ತರಿಸದೆ, “ನಾಳೆ ಮಧ್ಯಾಹ್ನ ಹೇಳ್ತೀನಿ ಸರ್” ಎಂದರು. ‘ನೋಡೋಣ’ ಎಂದಷ್ಟೇ ಹೇಳಿದ್ದರೆ ಅದು ಮುಂದೂಡುವಿಕೆ, ಎದುರಿನವರಿಗೆ ಆಸೆಯನ್ನೂ ಹುಟ್ಟಿಸುತ್ತದೆ. ದಿನ, ಹೊತ್ತು ಹೇಳಿದರೆ ಅದು ನಿಜವಾದ ಕಾಲಾವಕಾಶ. ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದರು: ‘ಅವರು ಮಾತು ಬಿಡುತ್ತಾರೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳುತ್ತಾರೆ. ನನ್ನನ್ನು ದೂರ ಇಡುತ್ತಾರೆ. ಖಾತ್ರಿ ನೂರಕ್ಕೆ ತೊಂಬತ್ತು. ಎರಡು ವಾರ ನೋಡುವುದು.’

ಮರುದಿನ ಮಧ್ಯಾಹ್ನ ತಾವೇ ಹೋಗಿ ಹೇಳಿದರು: “ಸರ್, ನಾನು ಇನ್ನು ಯಾರಿಗೂ ಜಾಮೀನು ಹಾಕಲ್ಲ ಅಂತ ನಿರ್ಧಾರ ಮಾಡಿದೀನಿ. ನಿಮಗೂ ಹಾಕೋಕಾಗಲ್ಲ. ಬೇರೆಯವರನ್ನ ಕೇಳೋಕೆ ಟೈಮ್ ಇರಲಿ ಅಂತ ಇವತ್ತೇ ಹೇಳ್ತಿದೀನಿ.”

“ಏನ್ ಮೇಡಂ, ನೀವೇ ಹೀಗಂದ್ರೆ ಹೇಗೆ?”

“ಬೇಜಾರಾಗುತ್ತೆ ಅಂತ ಗೊತ್ತು ಸರ್. ಆದ್ರೂ ಹಾಕೋಕಾಗಲ್ಲ.”

ನಾಲ್ಕು ದಿನ ಆ ಮೇಷ್ಟ್ರು ಬಿಗುವಾಗಿದ್ದರು. ಚಹಾಕ್ಕೆ ಕರೆಯಲಿಲ್ಲ. ಶಿಕ್ಷಕಿಗೆ ಆ ನಾಲ್ಕು ದಿನ ಸುಲಭದ್ದಾಗಿರಲಿಲ್ಲ. ಐದನೇ ದಿನ ಒಂಬತ್ತನೇ ತರಗತಿಯ ಪ್ರಶ್ನೆಪತ್ರಿಕೆಯ ವಿಚಾರಕ್ಕೆ ಮಾತು ಬಂತು, ಮಾತು ಮುಂದುವರಿಯಿತು. ಜಾಮೀನಿಗೆ ಬೇರೊಬ್ಬರು ಸಿಕ್ಕಿದ್ದರು. ಉಳಿದವರಲ್ಲಿ ಹೆಚ್ಚಿನವರಿಗೆ ವಿಷಯವೇ ಗೊತ್ತಿರಲಿಲ್ಲ. ಎರಡು ವಾರದ ನಂತರ ಅವರು ಬರೆದುಕೊಂಡರು: ‘ಬೇಜಾರು ಆಯಿತು. ಅನಾಹುತ ಆಗಲಿಲ್ಲ.’

ಪ್ರಯೋಗದ ತಿರುಳು ಈ ಎರಡು ವಾಕ್ಯಗಳ ನಡುವೆ ಇದೆ. ‘ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಬಿಡಿ’ ಎಂದು ಧೈರ್ಯ ಹೇಳುವವರು ಸುಳ್ಳು ಹೇಳುತ್ತಾರೆ. ಬೇಜಾರು ಆಗುತ್ತದೆ. ಎದುರಿನವರಿಗೆ ಬೇಜಾರಾಗುವ ಹಕ್ಕೂ ಇದೆ. ಅವರ ಬೇಜಾರನ್ನು ನೋಡಿಕೊಂಡೂ ನಾಲ್ಕು ದಿನ ಶಾಲೆಗೆ ಹೋಗಿ ಪಾಠ ಮಾಡಬಹುದು ಎಂಬುದು ಹೊಸದಾಗಿ ಗೊತ್ತಾದ ವಿಷಯ.

ಎಲ್ಲಿ ಕೆಡುತ್ತದೆ

ಇಲ್ಲ ಎಂದ ಮೇಲೂ ಭಯ ಕಡಿಮೆಯಾಗದವರಿದ್ದಾರೆ. ಅವರು ಹೇಗೆ ಇಲ್ಲ ಅಂದರು ಎಂದು ನೋಡಬೇಕು.

‘ನಮ್ಮನೆಯವರು ಬೇಡ ಅಂದ್ರು’ ಎಂಬುದು ಎಲ್ಲರಿಗೂ ಒದಗುವ ನೆಪ. ಅದರಿಂದ ಸಹಿ ತಪ್ಪುತ್ತದೆ, ಭಯ ತಪ್ಪುವುದಿಲ್ಲ. ‘ಗಂಡನ ಹೆಸರು ಹೇಳಿದ್ದಕ್ಕೆ ಪಾರಾದೆ’ ಎಂಬುದೇ ಉಳಿಯುವ ಪಾಠ, ಅಂದರೆ ಹಳೆಯ ತಾಯಿತ ಹೋಗಿ ಹೊಸದು ಬಂತು. ಜೊತೆಗೆ ನೆಪಕ್ಕೆ ಪರಿಹಾರ ಇರುತ್ತದೆ. ‘ಹಾಗಾದ್ರೆ ನಾನೇ ಯಜಮಾನ್ರ ಹತ್ರ ಮಾತಾಡ್ತೀನಿ’ ಅಂದರೆ ಏನು ಮಾಡುವುದು?

ಎರಡನೆಯದು, ಇಲ್ಲ ಎಂದು ಆಮೇಲೆ ದಂಡ ಕಟ್ಟುವುದು. ಜಾಮೀನು ಹಾಕದ ತಪ್ಪಿಗೆ ಅದೇ ಸಂಜೆ ಇಪ್ಪತ್ತು ಸಾವಿರ ಕೈಗಡ ಕೊಡುವುದು, ವಾರವಿಡೀ ಅವರ ಕ್ಲಾಸುಗಳನ್ನು ತಾವೇ ತೆಗೆದುಕೊಳ್ಳುವುದು. ಆಗ ಅವರು ಮಾತಾಡಿಸಿದರೂ, ಮಾತಾಡಿಸಿದ್ದು ಆ ಹಣಕ್ಕೇ ಅನ್ನಿಸುತ್ತದೆ. ಪರೀಕ್ಷೆ ಕೆಟ್ಟಿತು.

ಮೂರನೆಯದು ಸೂಕ್ಷ್ಮ. ಇಲ್ಲ ಎಂದ ಮೇಲೆ ದಿನವಿಡೀ ಅವರ ಮುಖವನ್ನೇ ಓದುವುದು, ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ನೋಡಿಯೂ ಉತ್ತರಿಸಲಿಲ್ಲ ಎಂದು ಕೊರಗುವುದು, ‘ಸರ್‌ಗೆ ಬೇಜಾರಾಗಿದೆಯಾ, ಏನಾದ್ರೂ ಅಂದ್ರಾ?’ ಎಂದು ಮೂವರನ್ನು ಕೇಳುವುದು. ಹೀಗೆ ಹುಡುಕಿದರೆ ಬೇಸರದ ಚಿಹ್ನೆ ಸಿಕ್ಕೇ ಸಿಗುತ್ತದೆ. ಅವರು ಹಲ್ಲುನೋವಿನಿಂದ ಮೌನವಾಗಿದ್ದರೂ ಅದು ತನ್ನ ಮೇಲಿನ ಸಿಟ್ಟಾಗಿ ಕಾಣುತ್ತದೆ. ನೋಡಬೇಕಾದ್ದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಇದಕ್ಕಾಗಿಯೇ. ಬರೆದದ್ದನ್ನು ಮಾತ್ರ, ಬರೆದ ದಿನದಂದು ನೋಡಬೇಕು.

ಎಲ್ಲಕ್ಕೂ ಹ್ಞೂಂ ಅನ್ನುತ್ತಾ ಒಳಗೆ ತುಂಬಿಕೊಂಡು, ಒಂದು ದಿನ ಸಣ್ಣ ಕಾರಣಕ್ಕೆ ಸಿಡಿದುಬೀಳುವವರೂ ಇದ್ದಾರೆ. ಸಿಡಿದಾಗ ಜನ ನಿಜವಾಗಿಯೂ ದೂರವಾಗುತ್ತಾರೆ. ‘ನೋಡಿದ್ಯಾ, ಇಲ್ಲ ಅಂದರೆ ಹೀಗೇ ಆಗುವುದು’ ಎಂಬ ತಪ್ಪು ಪುರಾವೆ ಕೈಗೆ ಸಿಗುತ್ತದೆ. ಜನ ದೂರವಾದದ್ದು ಆ ಸಿಡಿತಕ್ಕೆ.

ಭಯ ನಿಜವಾಗಿದ್ದಾಗ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗೆರೆ ಎಳೆಯಲೇಬೇಕು. ಇಲ್ಲ ಅನ್ನುವುದು ನಿಜವಾಗಿಯೂ ಅಪಾಯವಾಗಿರುವ ಬದುಕುಗಳಿವೆ. ಕುಡಿದು ಬಂದ ಗಂಡ ಹಣ ಕೇಳಿದಾಗ ಕೊಡುವ ಹೆಂಡತಿಯದು, ಮುಂಗಡ ಪಡೆದು ತೋಟದ ಲೈನ್ ಮನೆಯಲ್ಲಿರುವ ಕೂಲಿಕಾರನದು, ಗುತ್ತಿಗೆ ನವೀಕರಣಕ್ಕೆ ಕಾಯುತ್ತಿರುವ ಪೌರಕಾರ್ಮಿಕರದು ಮೆಚ್ಚಿಸುವ ಚಟವಲ್ಲ. ಅದು ಬಲಾಬಲದ ಸರಿಯಾದ ಲೆಕ್ಕ. ಅವರಿಗೆ ‘ಧೈರ್ಯವಾಗಿ ಇಲ್ಲ ಅನ್ನಿ’ ಎಂದು ಹೇಳುವುದು ಅನ್ಯಾಯ.

ವ್ಯತ್ಯಾಸ ಗುರುತಿಸಲು ಎರಡು ಪ್ರಶ್ನೆ ಕೇಳಿಕೊಳ್ಳಬಹುದು. ನನ್ನ ತಲೆಯ ಮೇಲಿನ ಸೂರು, ನನ್ನ ಅನ್ನ, ನನ್ನ ಮೈಯ ಸುರಕ್ಷತೆ ಇವುಗಳಲ್ಲಿ ಯಾವುದಾದರೂ ಇವರ ಕೈಯಲ್ಲಿದೆಯೇ? ಹಿಂದೆ ಇವರ ಮಾತು ಮೀರಿದವರಿಗೆ ಏನಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆಯೇ, ಊಹಿಸುತ್ತಿದ್ದೇನೆಯೇ? ಎರಡಕ್ಕೂ ಹೌದು, ಕಂಡಿದ್ದೇನೆ ಎಂಬ ಉತ್ತರ ಬಂದರೆ ಅಲ್ಲಿ ಒಬ್ಬರೇ ಪ್ರಯೋಗ ಮಾಡಬಾರದು, ನೆರವು ಬೇಕು. ಮನೆಯೊಳಗಿನ ಹಿಂಸೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇದೆ, ಮಹಿಳಾ ಸಹಾಯವಾಣಿ 181 ಇದೆ. ಅಪಾಯವೇನೂ ಇಲ್ಲವೆಂದು ಗೊತ್ತಿದ್ದೂ ಭಯ ನಿದ್ದೆ, ಊಟ ಕೆಡಿಸುವ ಮಟ್ಟಕ್ಕೆ ಬಂದಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೇಳುವವರಿಗೂ ಒಂದು ಮಾತು

ನಾವೆಲ್ಲ ಒಂದಲ್ಲ ಒಂದು ದಿನ ಅರ್ಜಿ ಹಿಡಿದು ಹೋಗುವವರೇ. ಬಾನ್ಸ್ ಮತ್ತು ಮಹದಿ ರೊಗನಿಜಾದ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರಿಗೆ ಇಮೇಲ್ ಕಳಿಸಿ ಕೇಳುವುದಕ್ಕಿಂತ ಎದುರಿಗೇ ನಿಂತು ಕೇಳಿದ್ದು 34 ಪಟ್ಟು ಹೆಚ್ಚು ಫಲ ಕೊಟ್ಟಿತ್ತು. ಕೆಲಸ ಮಾಡಿಸಿಕೊಳ್ಳುವ ಉಪಾಯವಾಗಿ ಇದನ್ನು ಓದಬಹುದು. ನಾನು ಇದನ್ನು ಎಚ್ಚರಿಕೆಯಾಗಿ ಓದುತ್ತೇನೆ. ಎದುರಿಗೆ ಕೂತು ಪಡೆದ ಹ್ಞೂಂನಲ್ಲಿ ಎಷ್ಟು ಪಾಲು ಮನಸ್ಸಿನದು, ಎಷ್ಟು ಪಾಲು ದಾಕ್ಷಿಣ್ಯದ್ದು ಎಂದು ಹೇಳಲಾಗದು. ಜಾಮೀನಿನಂಥ ಭಾರವಾದ ವಿಷಯವನ್ನು ಮೊದಲು ಒಂದು ಮೆಸೇಜಿನಲ್ಲಿ ಕೇಳಿ. ಮೊತ್ತ, ಅವಧಿ, ಕಂತು ಎಲ್ಲ ಬರೆಯಿರಿ. ಎರಡು ದಿನ ಬಿಟ್ಟು ಹೇಳಿ ಎನ್ನಿ. ‘ಆಗದಿದ್ದರೂ ನಮ್ಮಿಬ್ಬರ ನಡುವೆ ಏನೂ ಬದಲಾಗಲ್ಲ’ ಎಂದು ಸೇರಿಸಿ, ಆಮೇಲೆ ಹಾಗೆಯೇ ನಡೆದುಕೊಳ್ಳಿ. ಇದಾದ ಮೇಲೆ ಬಂದ ಒಪ್ಪಿಗೆಯ ಮೇಲೆ ನಿಶ್ಚಿಂತೆಯಿಂದ ಸಾಲ ತೆಗೆಯಬಹುದು.

ಯಾರಿಗೂ ಸಹಿ ಹಾಕಬಾರದು ಎಂಬುದಲ್ಲ ಈ ಬರಹದ ಸಾರ. ಜಾಮೀನುದಾರರಿಲ್ಲದಿದ್ದರೆ ಆಸ್ತಿಯಿಲ್ಲದ ಎಷ್ಟೋ ಜನರಿಗೆ ಸಾಲವೇ ಹುಟ್ಟುವುದಿಲ್ಲ. ಪರಸ್ಪರ ನಂಬಿಕೆಯ ಮೇಲೆ ನಿಂತ ಸಹಕಾರ ಸಂಘಗಳ ಬೆನ್ನೆಲುಬೇ ಅದು. ಸಹಿ ಕೇಳಿ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇವರು ಕಟ್ಟುತ್ತಾರೆಯೇ’ ಎಂಬುದಲ್ಲ, ‘ಇವರು ಕಟ್ಟದಿದ್ದರೆ ಇವರಿಗಾಗಿ ಈ ಮೊತ್ತವನ್ನು ನಾನು ಮನಸಾರೆ ಕಟ್ಟುತ್ತೇನೆಯೇ’ ಎಂಬುದು. ಅಕ್ಕನ ಮಗಳ ಓದಿಗೆ ಹೌದು ಅನ್ನಿಸಬಹುದು, ಸಹೋದ್ಯೋಗಿಯ ಕಾರಿಗೆ ಇಲ್ಲ ಅನ್ನಿಸಬಹುದು. ಎರಡನ್ನೂ ಒಂದೇ ದನಿಯಲ್ಲಿ ಹೇಳಬಲ್ಲವರು ಹಾಕಿದ ಜಾಮೀನು ಸಂಘಕ್ಕೂ ಭದ್ರ, ಸಾಲಗಾರರಿಗೂ ಗೌರವ, ಹಾಕಿದವರ ನಿದ್ದೆಗೂ ಕ್ಷೇಮ.